ಹೆರಿಗೆ ರಜೆ: ಟೇಬಲ್ ಒಪ್ಪಿಸುವ, ಮತ್ತೆ ಮೆಲ್ಲನೆ ಮರಳುವ ಲೆಕ್ಕ

ಆಫೀಸಿನಲ್ಲಿ ಹೆರಿಗೆ ರಜೆಯ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು "ಯಾವಾಗಿಂದ?" ಅಂತ. ತಾರೀಖು ಹೇಳುವುದು ಸುಲಭ. ಆ ತಾರೀಖಿನ ಮರುದಿನದಿಂದ ಫೋನ್ ಬರದ ಹಾಗೆ ಕೆಲಸ ಒಪ್ಪಿಸುವುದು ಕಷ್ಟ. ಅಕೌಂಟ್ಸ್ ನೋಡುವವರಿಗಂತೂ ಜಾಸ್ತಿ ಕಷ್ಟ, ಯಾಕೆಂದರೆ ತಿಂಗಳಿಗೆ ನಾಲ್ಕೈದು ಕೊನೆ ದಿನಗಳು ಯಾರ ಬಾಣಂತನಕ್ಕೂ ಕಾಯುವುದಿಲ್ಲ. ಹಾಗಾಗಿ ಇಲ್ಲಿ ಒಬ್ಬ ಅಕೌಂಟ್ಸ್ ಉದ್ಯೋಗಿಯ ಉದಾಹರಣೆಯನ್ನೇ ಹಿಡಿದು, ಏಪ್ರಿಲ್‌ನಿಂದ ಮುಂದಿನ ಮಾರ್ಚ್‌ವರೆಗೆ ಲೆಕ್ಕ ಹಾಕಿ ತೋರಿಸುತ್ತೇನೆ.

ಮಂಗಳೂರಿನ ಬಂದರಿನಲ್ಲಿ ಒಂದು ಹೋಲ್‌ಸೇಲ್ ಕಂಪನಿ ಅಂತ ಇಟ್ಟುಕೊಳ್ಳಿ. ಗೇರುಬೀಜ, ಕಾಳುಮೆಣಸಿನ ವ್ಯಾಪಾರ. ಆಫೀಸು, ಗೋದಾಮು ಸೇರಿ ಮೂವತ್ತು ಜನ. ನಮ್ಮ ಉದ್ಯೋಗಿಯ ಮನೆ ಸುರತ್ಕಲ್, ತವರು ಕಾರ್ಕಳ. ಮೊದಲ ಹೆರಿಗೆ. ಡಾಕ್ಟರು ಕೊಟ್ಟ ದಿನ 2026ರ ಆಗಸ್ಟ್ 10. ಜಿಎಸ್‌ಟಿ, ಟಿಡಿಎಸ್, ಪಿಎಫ್, ಬ್ಯಾಂಕು ಎಲ್ಲ ಇವರ ಟೇಬಲ್‌ನಲ್ಲೇ. ಬಿಲ್ಲಿಂಗ್ ನೋಡುವ ಹುಡುಗನೊಬ್ಬ ಇದ್ದಾನೆ, ಚುರುಕು, ಆದರೆ ರಿಟರ್ನ್ ತುಂಬಿಸಿ ಗೊತ್ತಿಲ್ಲ.

ಮೊದಲು ರಜೆಯ ತಾರೀಖು

ಮೊದಲ ಎರಡು ಮಕ್ಕಳಿಗೆ ಸಂಬಳದ ರಜೆ 26 ವಾರ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಈ ಲೆಕ್ಕ ಬಂತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಉಳಿದಿದೆ. ಹತ್ತು ಅಥವಾ ಹೆಚ್ಚು ಜನ ಇರುವ ಅಂಗಡಿ, ಆಫೀಸುಗಳಿಗೆ ಅನ್ವಯ. ಹೆರಿಗೆ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಆ ಕಂಪನಿಯಲ್ಲಿ ಕೆಲಸ ಮಾಡಿರಬೇಕು. ಸಂಬಳ ತಿಂಗಳಿಗೆ 21,000ದ ಒಳಗಿದ್ದು ಇಎಸ್‌ಐ ಇದ್ದರೆ ಹಣ ಕಂಪನಿಯ ಬದಲು ಇಎಸ್‌ಐಯಿಂದ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಸಂಬಳ ಅದಕ್ಕಿಂತ ಮೇಲೆ, ಆದ್ದರಿಂದ ಕಂಪನಿಯೇ ಕೊಡಬೇಕು.

26 ವಾರದಲ್ಲಿ ಹೆರಿಗೆಗೆ ಮೊದಲು ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ಪೂರ್ತಿ ಎಂಟು ವಾರ ತೆಗೆದುಕೊಂಡರೆ ರಜೆ ಜೂನ್ 15ಕ್ಕೆ ಶುರುವಾಗಿ, ಡಿಸೆಂಬರ್ 14ಕ್ಕೆ ವಾಪಸ್ ಬರಬೇಕಾಗುತ್ತದೆ. ಆಗ ಮಗುವಿಗೆ ನಾಲ್ಕು ತಿಂಗಳು. ಮೂರೇ ವಾರ ಮೊದಲು, ಅಂದರೆ ಜುಲೈ 20ಕ್ಕೆ ಶುರು ಮಾಡಿದರೆ ವಾಪಸ್ ಬರುವುದು 2027ರ ಜನವರಿ 18. ಆಗ ಮಗುವಿಗೆ ಐದು ತಿಂಗಳು ದಾಟಿರುತ್ತದೆ. ಡಾಕ್ಟರು ಬೇಡ ಎನ್ನದಿದ್ದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಹೆರಿಗೆಗೆ ಮೊದಲು ಉಳಿಸಿದ ಪ್ರತಿ ವಾರ ಆಮೇಲೆ ಮಗುವಿನ ಜೊತೆ ಸಿಗುತ್ತದೆ. ಒಂದೇ ತೊಂದರೆ ಅಂದರೆ ಜೂನ್, ಜುಲೈ ಮಳೆಯಲ್ಲಿ ಸುರತ್ಕಲ್‌ನಿಂದ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್‌ವರೆಗೆ ಬಸ್ಸಿನಲ್ಲಿ ನಿಂತುಕೊಂಡು ಬರುವುದು. ಎಂಟನೇ ತಿಂಗಳಲ್ಲಿ ಅದು ಯಾರಿಗೂ ಬೇಡ. ಕೊನೆಯ ನಾಲ್ಕು ವಾರ ಬೆಳಿಗ್ಗೆ ಒಂದು ಗಂಟೆ ತಡವಾಗಿ ಬರಲು ಈಗಲೇ ಕೇಳಿ ಇಟ್ಟುಕೊಳ್ಳಿ. ಬಸ್ಸು ಖಾಲಿ ಸಿಗುತ್ತದೆ.

ಆದರೆ ಮಗು ನಮ್ಮ ಕ್ಯಾಲೆಂಡರ್ ನೋಡುವುದಿಲ್ಲ. ಜುಲೈ 20 ಅಂದರೆ 37 ವಾರ ತುಂಬುವ ದಿನ. ಅದಕ್ಕೂ ಮೊದಲೇ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ? ಅದಕ್ಕಾಗಿ ಕೆಲಸ ಒಪ್ಪಿಸಲು ಬೇರೆ ದಿನ ಇಟ್ಟುಕೊಳ್ಳಬೇಕು: 34 ವಾರ, ಅಂದರೆ ಜೂನ್ 29. ಆ ದಿನ ನೀವು ಆಫೀಸಿಗೆ ಬರದೆ ಇದ್ದರೂ ಕೆಲಸ ನಡೆಯಬೇಕು. ಉಳಿದ ಮೂರು ವಾರ ನೀವು ಪಕ್ಕದಲ್ಲಿ ಕೂತು ನೋಡುವುದಕ್ಕೆ.

ಏಪ್ರಿಲ್: ಹೇಳುವುದು, ಬರೆದು ಕೊಡುವುದು

ಐದನೇ ತಿಂಗಳ ಸ್ಕ್ಯಾನ್ ಆದ ಮೇಲೆ, ಅಂದರೆ ಏಪ್ರಿಲ್ ಮೊದಲ ವಾರ, ಧಣಿಗಳ ಹತ್ತಿರ ಮಾತಾಡಿ. ಮಾರ್ಚ್ ಎಂಡ್ ಗಲಾಟೆ ಮುಗಿದಿರುತ್ತದೆ. ಬರೀ "ರಜೆ ಬೇಕು" ಅಂತ ಹೋಗಬೇಡಿ. "ಜುಲೈ 20ರಿಂದ ಜನವರಿ 17ರವರೆಗೆ ನಾನಿರುವುದಿಲ್ಲ. ಕೆಲಸ ಹೀಗೆ ಹೀಗೆ ಒಪ್ಪಿಸುತ್ತೇನೆ. ನಿಮ್ಮಿಂದ ಎರಡು ಸಹಿ ಬೇಕು, ಒಂದು ಮೊಬೈಲ್ ನಂಬರ್ ಬೇಕು" ಅಂತ ಹೇಳಿ. ಆ ಮೊಬೈಲ್ ನಂಬರ್ ಯಾಕೆ ಅನ್ನುವುದು ಮುಂದೆ ಬರುತ್ತದೆ.

ಮಾತಾಡಿದ ಮೇಲೆ ಕಾಗದದಲ್ಲಿ ಅಥವಾ ಮೇಲ್‌ನಲ್ಲಿ ನೋಟಿಸ್ ಕೊಡಿ. ರಜೆ ಶುರುವಾಗುವ ದಿನ, ಹೆರಿಗೆಯ ಅಂದಾಜು ದಿನ, ಈ ಅವಧಿಯಲ್ಲಿ ಬೇರೆಲ್ಲೂ ಕೆಲಸ ಮಾಡುವುದಿಲ್ಲ ಎನ್ನುವ ಮಾತು, ನಿಮ್ಮ ಪರವಾಗಿ ಹಣ ಪಡೆಯಬಹುದಾದವರ ಹೆಸರು ಇಷ್ಟು ಇರಲಿ. ಜೊತೆಗೆ ಡಾಕ್ಟರ ಸರ್ಟಿಫಿಕೇಟ್. ನಿಯಮದ ಪ್ರಕಾರ ಹೆರಿಗೆಗೆ ಮೊದಲಿನ ಅವಧಿಯ ಹಣ ಮುಂಗಡವಾಗಿ, ಉಳಿದದ್ದು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯಲ್ಲಿ ಬರಬೇಕು. ನಮ್ಮ ಕಡೆಯ ಹೆಚ್ಚಿನ ಆಫೀಸುಗಳಲ್ಲಿ ತಿಂಗಳು ತಿಂಗಳು ಸಂಬಳದ ಹಾಗೆಯೇ ಹಾಕುತ್ತಾರೆ. ನಿಮಗೆ ಅದು ಸರಿಯಾದರೆ ಸರಿ. ಯಾವ ರೀತಿ ಅನ್ನುವುದು ಮೇಲ್‌ನಲ್ಲಿ ಇರಲಿ ಅಷ್ಟೆ.

ನಿಮ್ಮ ಕೆಲಸವನ್ನು ನೀವೇ ಕಂಡುಹಿಡಿಯುವುದು

ಏಪ್ರಿಲ್ ತಿಂಗಳಿಡೀ ಒಂದು ನೋಟ್‌ಬುಕ್ ಟೇಬಲ್ ಮೇಲೆ ಇರಲಿ. ಮಾಡಿದ ಕೆಲಸವನ್ನೆಲ್ಲ ಮಾಡಿದ ಹೊತ್ತಿಗೇ ಬರೆಯಿರಿ. ನೆನಪಿನಿಂದ ಪಟ್ಟಿ ಮಾಡಿದರೆ ದೊಡ್ಡ ಕೆಲಸಗಳು ಮಾತ್ರ ಬರುತ್ತವೆ: 7ಕ್ಕೆ ಟಿಡಿಎಸ್ ಕಟ್ಟುವುದು, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, 20ಕ್ಕೆ ಜಿಎಸ್‌ಟಿ ಕಟ್ಟುವ ರಿಟರ್ನ್ 3ಬಿ. ಅವು ಹೇಗೂ ಕ್ಯಾಲೆಂಡರಿನಲ್ಲಿ ಇವೆ. ಹೊಸಬರು ಎಡವುವುದು ನಡುವಿನ ಸಣ್ಣ ಕೆಲಸಗಳಲ್ಲಿ.

ಒಂದು ಉದಾಹರಣೆ. ಗೇರುಬೀಜ ಕೊಡುವ ಪಾರ್ಟಿಯೊಬ್ಬರು ತಮ್ಮ ಬಿಲ್ಲನ್ನು ಯಾವಾಗಲೂ ಕೊನೆ ದಿನದ ಸಂಜೆಯೇ ಅಪ್‌ಲೋಡ್ ಮಾಡುವುದು. 11 ದಾಟಿದರೆ ಅದು 14ಕ್ಕೆ ಬರುವ ಖರೀದಿ ಬಿಲ್ಲುಗಳ 2ಬಿ ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೆ ಆ ತಿಂಗಳು ಅವರ ಬಿಲ್ಲಿನ ಇನ್‌ಪುಟ್ ಸಿಗುವುದಿಲ್ಲ, ಅಷ್ಟು ತೆರಿಗೆ ಕೈಯಿಂದ ಕಟ್ಟಬೇಕು. ಹಾಗಾಗಿ ನೀವು ಪ್ರತಿ ತಿಂಗಳು 9ಕ್ಕೋ 10ಕ್ಕೋ ಫೋನ್ ಮಾಡಿ "ಬಿಲ್ ಹಾಕಿದ್ರಾ?" ಅಂತ ಕೇಳುತ್ತೀರಿ. ಎರಡು ನಿಮಿಷದ ಕೆಲಸ. ಯಾವ ಪುಸ್ತಕದಲ್ಲೂ ಬರೆದಿಲ್ಲ. ನೀವಿಲ್ಲದ ತಿಂಗಳು ಹುಡುಗ ಎಲ್ಲ ಸರಿಯಾಗಿ ಮಾಡಿ, 15ರಂದು "ಅಕ್ಕ, ಇದು ಯಾಕೆ ಟ್ಯಾಲಿ ಆಗ್ತಿಲ್ಲ?" ಅಂತ ಕಾರ್ಕಳಕ್ಕೆ ಫೋನ್ ಮಾಡುತ್ತಾನೆ. ಈ ಫೋನನ್ನು ಏಪ್ರಿಲ್‌ನಲ್ಲೇ ತಡೆಯಬಹುದು.

ತಿಂಗಳ ಕೊನೆಗೆ ಪ್ರತಿ ಕೆಲಸದ ಎದುರು ಮೂರು ವಿಷಯ ಬರೆಯಿರಿ. ಇದು ಬೇರೆ ಯಾರಿಗೆ ಗೊತ್ತು? ಒಂದು ದಿನ ತಡವಾದರೆ ಏನಾಗುತ್ತದೆ? ಇದಕ್ಕೆ ಒಟಿಪಿ ಯಾರ ಮೊಬೈಲಿಗೆ ಬರುತ್ತದೆ? ಎರಡನೇ ಪ್ರಶ್ನೆಯಿಂದ ಯಾವುದಕ್ಕೆ ಗಡಿಬಿಡಿ ಬೇಕು, ಯಾವುದಕ್ಕೆ ಬೇಡ ಅನ್ನುವುದು ತಿಳಿಯುತ್ತದೆ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ, ಮೇಲೆ ಬಡ್ಡಿ. ಟಿಡಿಎಸ್ ರಿಟರ್ನ್ ತಡವಾದರೆ ದಿನಕ್ಕೆ 200. ಗೋದಾಮಿನ ಬಾಡಿಗೆ ರಶೀದಿ ಫೈಲ್ ಮಾಡುವುದು ತಡವಾದರೆ ಏನೂ ಇಲ್ಲ. ಅಂಥದ್ದನ್ನು ಜನವರಿವರೆಗೆ ಒಂದು ಡಬ್ಬಕ್ಕೆ ಹಾಕಿಡಲು ಹೇಳಿ. ಬದಲಿಯವರ ತಲೆ ಮೇಲೆ ಎಲ್ಲವನ್ನೂ ಹೇರಿದರೆ ಮುಖ್ಯವಾದದ್ದೇ ತಪ್ಪುತ್ತದೆ.

ಒಟಿಪಿ

ಒಪ್ಪಿಸುವ ಕೆಲಸದಲ್ಲಿ ಅರ್ಧ ಜಗಳ ಇದೊಂದರಿಂದಲೇ. ಸಣ್ಣ ಕಂಪನಿಗಳಲ್ಲಿ ಪೋರ್ಟಲ್ ಶುರು ಮಾಡುವಾಗ ಯಾರು ಕಂಪ್ಯೂಟರ್ ಎದುರು ಕೂತಿದ್ದರೋ ಅವರ ಮೊಬೈಲ್ ನಂಬರ್ ಹಾಕಿಬಿಟ್ಟಿರುತ್ತಾರೆ. ಆಮೇಲೆ ವರ್ಷಗಟ್ಟಲೆ ಅದೇ ನಡೆಯುತ್ತದೆ. ಬಾಣಂತಿ ಎಣ್ಣೆ ಸ್ನಾನಕ್ಕೆ ಕೂತಿರುವಾಗ ಬಂದರಿನಲ್ಲಿ ಲಾರಿ ನಿಂತಿರುತ್ತದೆ, ಇ-ವೇ ಬಿಲ್‌ಗೆ ಒಟಿಪಿ ಬೇಕು, ಫೋನು ಚಾರ್ಜಿಗೆ ಇಟ್ಟಿದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಇಲ್ಲದಿದ್ದರೆ ಕೇಳುವುದೇ ಬೇಡ.

ಮೇ ತಿಂಗಳಲ್ಲಿ ಒಂದೊಂದಾಗಿ ಬದಲಿಸಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅಧಿಕೃತ ಸಹಿದಾರರ ಮೊಬೈಲ್, ಇಮೇಲ್ ಬದಲಿಸಲು ಅಧಿಕಾರಿಯ ಒಪ್ಪಿಗೆ ಬೇಕಿಲ್ಲ. ನೋಂದಣಿಯ ತಿದ್ದುಪಡಿಯಲ್ಲಿ ನೀವೇ ಮಾಡಬಹುದು. ಧಣಿಗಳಲ್ಲಿ ಒಬ್ಬರನ್ನು ಮುಖ್ಯ ಸಹಿದಾರರಾಗಿ ಮಾಡಿ. ಆದರೆ ಅವರ ಸ್ವಂತ ನಂಬರ್ ಹಾಕಬೇಡಿ, ಅವರು ಮದುವೆಗೆ ಹೋದ ದಿನ ಮತ್ತೆ ಅದೇ ಕತೆ. ಆಫೀಸಿಗೆ ಅಂತಲೇ ಒಂದು ಸಿಮ್ ತೆಗೆದು, ಒಂದು ಸಾದಾ ಫೋನಿಗೆ ಹಾಕಿ ಕ್ಯಾಶ್ ಕೌಂಟರಿನಲ್ಲಿ ಇಡಿ. ಧಣಿಗಳ ಹತ್ತಿರ ಕೇಳಬೇಕಾದ ಮೊಬೈಲ್ ನಂಬರ್ ಇದೇ. ಅದರ ರೀಚಾರ್ಜ್ ತಾರೀಖನ್ನೂ ಪಟ್ಟಿಗೆ ಸೇರಿಸಿ. ಸುಮ್ನೆ ಹೇಳುತ್ತಿಲ್ಲ, ರೀಚಾರ್ಜ್ ಮುಗಿದ ಸಿಮ್‌ನಿಂದ 20ನೇ ತಾರೀಖು ಹಾಳಾದದ್ದನ್ನು ನೋಡಿದ್ದೇನೆ.

ಇ-ವೇ ಬಿಲ್ ಪೋರ್ಟಲ್‌ನಲ್ಲಿ ಬಿಲ್ಲಿಂಗ್ ಹುಡುಗನಿಗೆ ಅವನದೇ ಸಬ್-ಯೂಸರ್ ಮಾಡಿಕೊಡಬಹುದು, ಅವನ ಒಟಿಪಿ ಅವನಿಗೇ ಬರುತ್ತದೆ. ಪಿಎಫ್ ಪೋರ್ಟಲ್, ಟಿಡಿಎಸ್ ಪೋರ್ಟಲ್, ಬ್ಯಾಂಕ್ ಇವುಗಳಲ್ಲೂ ನಂಬರ್ ಯಾವುದು ಅಂತ ನೋಡಿ. ಬ್ಯಾಂಕಿನಲ್ಲಿ ಹೊಸ ಯೂಸರ್ ಮಾಡಿಸಲು ಫಾರ್ಮ್, ಪಾಲುದಾರರ ಸಹಿ, ಒಂದೆರಡು ಸಲ ಬ್ರಾಂಚಿಗೆ ಓಡಾಟ ಇದ್ದದ್ದೇ. ಅದನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಿ.

ಡಿಜಿಟಲ್ ಸಹಿಯ ಟೋಕನ್ ನಿಮ್ಮ ಹೆಸರಿನಲ್ಲಿದ್ದರೆ ಅದನ್ನು ಪಾಸ್‌ವರ್ಡ್ ಸಮೇತ ಡ್ರಾಯರಿನಲ್ಲಿ ಬಿಟ್ಟು ಹೋಗಬೇಡಿ. ಅದು ನಿಮ್ಮ ಸಹಿ. ಆರು ತಿಂಗಳು ನೀವು ನೋಡದ ಕಾಗದಗಳಿಗೆ ನಿಮ್ಮ ಹೆಸರು ಬೀಳುತ್ತದೆ. ಧಣಿಗಳ ಹೆಸರಿನ ಟೋಕನ್ ಬಳಸಲಿ, ಅದರ ಅವಧಿ ಮುಂದಿನ ಜನವರಿವರೆಗಾದರೂ ಇದೆಯಾ ಅಂತ ನೋಡಿ.

ಬದಲಾಯಿಸಿದ್ದು ಸರಿಯಾಗಿದೆಯಾ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಜೂನ್‌ನಲ್ಲಿ ಒಂದು ದಿನ ನಿಮ್ಮ ಫೋನನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಫ್ಲೈಟ್ ಮೋಡ್‌ನಲ್ಲಿಡಿ. ಯಾರಾದರೂ ನಿಮ್ಮ ಟೇಬಲ್ ಹತ್ತಿರ ಬಂದು "ಒಟಿಪಿ ಬಂತಾ ಮೇಡಂ?" ಅಂದರೆ ಇನ್ನೂ ಒಂದು ಉಳಿದಿದೆ ಅಂತ ಅರ್ಥ.

ನಾಲ್ಕು ತಿಂಗಳು, ನಾಲ್ಕು ಸಲ

ಯಾರಿಗೆ ಒಪ್ಪಿಸುವುದು? ಆರು ತಿಂಗಳಿಗೆ ಹೊಸಬರನ್ನು ತೆಗೆದುಕೊಳ್ಳುವುದಕ್ಕಿಂತ ಒಳಗಿನವರೇ ಮೇಲು ಅಂತ ನನ್ನ ಅಭಿಪ್ರಾಯ. ಪಾರ್ಟಿಗಳ ಹೆಸರು, ಲೆಕ್ಕದ ರೂಢಿ ಅವರಿಗೆ ಗೊತ್ತಿರುತ್ತದೆ. ಹೊಸಬರನ್ನು ತೆಗೆದುಕೊಳ್ಳುವುದೇ ಆದರೆ ಬಿಲ್ಲಿಂಗ್‌ಗೆ ತೆಗೆದುಕೊಳ್ಳಿ, ಬಿಲ್ಲಿಂಗ್ ಹುಡುಗ ನಿಮ್ಮ ಟೇಬಲ್‌ಗೆ ಬರಲಿ. ಲೆಕ್ಕಪರಿಶೋಧಕರ ಆಫೀಸಿಗೆ ರಿಟರ್ನ್ ಮಾತ್ರ ಕೊಡಬಹುದು. ಆದರೆ ಅವರಿಗೆ ಡೇಟಾ ತಯಾರು ಮಾಡಿ ಕೊಡಲು ಇಲ್ಲಿ ಒಬ್ಬರು ಬೇಕೇ ಬೇಕು. ಕೆಲಸವನ್ನು ನಾಲ್ಕು ಜನರಿಗೆ ಚೂರು ಚೂರು ಹಂಚಿದರೆ ಯಾರೂ ಜವಾಬ್ದಾರಿ ಹೊರುವುದಿಲ್ಲ. ಸಹಾಯಕ್ಕೆ ಎಷ್ಟು ಜನ ಇದ್ದರೂ ಕೊನೆ ದಿನ ಕಾಯುವವನು ಒಬ್ಬನೇ ಇರಲಿ. ಅವನಿಗೆ ಆ ಆರು ತಿಂಗಳಿಗೆ ಏನಾದರೂ ಹೆಚ್ಚು ಕೊಡಲು ಧಣಿಗಳಿಗೆ ನೀವೇ ಹೇಳಿ.

ಏಪ್ರಿಲ್‌ನಲ್ಲಿ ನೀವು ಮಾಡಿ, ಅವನು ಪಕ್ಕದಲ್ಲಿ ಕೂತು ನೋಡಲಿ. ಮೇಯಲ್ಲಿ ಇಬ್ಬರೂ ಸೇರಿ ಮಾಡಿ. ಜೂನ್‌ನಲ್ಲಿ ಅವನು ಮಾಡಲಿ, ನೀವು ಪಕ್ಕದಲ್ಲಿರಿ, ಮೌಸ್ ಮುಟ್ಟಬೇಡಿ. ಇದು ಹೇಳಿದಷ್ಟು ಸುಲಭ ಅಲ್ಲ, ಕೈ ತಾನಾಗಿ ಹೋಗುತ್ತದೆ. ಜುಲೈಯಲ್ಲಿ ನೀವು ಬೇರೆ ಕುರ್ಚಿಯಲ್ಲಿ ಕೂತಿರಿ, ಅವನು ಒಬ್ಬನೇ 18ರ ಶನಿವಾರದೊಳಗೆ 3ಬಿ ಮುಗಿಸಲಿ. ಮಾಡುವ ಕ್ರಮವನ್ನು ಅವನೇ ಬರೆಯಲಿ. ನೀವು ಬರೆದುಕೊಟ್ಟರೆ ನಿಮಗೆ ಸಹಜ ಅನಿಸಿದ್ದನ್ನೆಲ್ಲ ಬಿಟ್ಟಿರುತ್ತೀರಿ. ಅವನು ಬರೆದರೆ ಎಲ್ಲಿ ಅರ್ಥ ಆಗಿಲ್ಲ ಅನ್ನುವುದು ಓದಿದ ಕೂಡಲೇ ಕಾಣುತ್ತದೆ.

ನೀವಿಲ್ಲದಾಗ ಬರುವ ದೊಡ್ಡ ದಿನ ಸೆಪ್ಟೆಂಬರ್ 30ರ ತೆರಿಗೆ ಆಡಿಟ್. ಹಿಂದಿನ ವರ್ಷದ ಲೆಕ್ಕ ನಿಮ್ಮ ಕೈಯದು, ಪ್ರಶ್ನೆಗಳು ನಿಮಗೇ ಬರುತ್ತವೆ. ಹಾಗಾಗಿ ಪಾರ್ಟಿಗಳ ಬಾಕಿ ದೃಢೀಕರಣ, ಮಾರ್ಚ್ 31ರ ಸ್ಟಾಕ್ ಪಟ್ಟಿ, ಸಾಲದ ಬಡ್ಡಿ ಲೆಕ್ಕ ಇಷ್ಟನ್ನು ಜೂನ್‌ನಲ್ಲೇ ಫೈಲ್ ಮಾಡಿ ಆಡಿಟರಿಗೆ ಕೊಡಿ. ಪ್ರಶ್ನೆ ಇದ್ದರೆ ಜುಲೈ 15ರ ಒಳಗೆ ಕೇಳಲು ಹೇಳಿ. ಆಡಿಟರುಗಳು ಜುಲೈಯಲ್ಲಿ ತಮ್ಮದೇ ಗಡಿಬಿಡಿಯಲ್ಲಿರುತ್ತಾರೆ. ಎರಡು ಸಲ ನೆನಪಿಸಬೇಕಾದೀತು.

ರಜೆಯಲ್ಲಿ "ಸ್ವಲ್ಪ ನೋಡಿಕೊಡಿ"

ಮಗು ಹುಟ್ಟಿ ಎರಡು ತಿಂಗಳಾಗುವಾಗ ಒಂದು ಮಾತು ಬರುತ್ತದೆ: "ಮನೆಯಲ್ಲೇ ಇದ್ದೀರಲ್ವಾ, ಲ್ಯಾಪ್‌ಟಾಪ್ ಕಳಿಸಿಕೊಡ್ತೇವೆ, ದಿನಾ ಒಂದು ಗಂಟೆ ನೋಡಿ." ಪ್ರೀತಿಯಿಂದಲೇ ಕೇಳುತ್ತಾರೆ. ಒಪ್ಪಬೇಡಿ. ಹೆರಿಗೆಯಾದ ಆರು ವಾರ ಕೆಲಸ ಮಾಡಿಸುವುದನ್ನೇ ಕಾನೂನು ತಡೆಯುತ್ತದೆ. ಆಮೇಲೂ, ಮಂಜೂರಾದ ರಜೆಯ ಅವಧಿಯಲ್ಲಿ ಕೆಲಸ ಮಾಡಿದರೆ ಅಷ್ಟು ಅವಧಿಯ ಹೆರಿಗೆ ಸೌಲಭ್ಯದ ಹಕ್ಕು ಹೋಗುತ್ತದೆ. ಅಂದರೆ ಉಪಕಾರ ಮಾಡಲು ಹೋಗಿ ನಿಮ್ಮ ಹಣಕ್ಕೇ ಕುತ್ತು. ಮೆಲ್ಲನೆ ಮರಳುವ ಯೋಜನೆ ಏನಿದ್ದರೂ 26 ವಾರ ಮುಗಿದ ಮೇಲೆ ಶುರುವಾಗಲಿ, ರಜೆಯೊಳಗೆ ಬೇಡ.

ಒಂದು ಪ್ರಶ್ನೆಗೆ ಉತ್ತರ ಹೇಳುವುದು ಬೇರೆ ವಿಷಯ. ಅದಕ್ಕೆ ಒಂದು ದಾರಿ ಮಾಡಿಡಿ. ಆಫೀಸಿನ ವಾಟ್ಸಾಪ್ ಗ್ರೂಪಿನಿಂದ ಹೊರಗೆ ಬನ್ನಿ. ಹುಡುಗ ಒಬ್ಬನೇ ಕೇಳಲಿ, ಶುಕ್ರವಾರ ಒಂದೇ ಮೆಸೇಜಿನಲ್ಲಿ ಬರೆದು ಕಳಿಸಲಿ, ನಿಮಗೆ ಪುರುಸೊತ್ತಾದಾಗ ಒಂದು ಸಾಲಿನ ಉತ್ತರ. ಶುಕ್ರವಾರದವರೆಗೆ ಕಾಯಲಾಗದ ವಿಷಯ ಆಡಿಟರಿಗೆ ಹೋಗಲಿ.

ಜನವರಿ: ಮರಳುವ ಆರು ವಾರ

ಅರ್ಧ ದಿನದ ಕೆಲಸ ಕೊಡಲೇಬೇಕು ಅನ್ನುವ ಕಾನೂನು ಇಲ್ಲ. ರಜೆಯ ನಂತರ ಮನೆಯಿಂದ ಕೆಲಸ ಮಾಡಬಹುದು ಅಂತ ಇದೆ, ಆದರೆ ಕೆಲಸ ಅಂಥದ್ದಾಗಿರಬೇಕು, ಇಬ್ಬರೂ ಒಪ್ಪಬೇಕು. ಹಾಗಾಗಿ ಮೆಲ್ಲನೆ ಮರಳುವುದಕ್ಕೆ ನಂಬಬಹುದಾದ ದಾರಿ ನಿಮ್ಮದೇ ಗಳಿಕೆ ರಜೆ, ಅಂದರೆ ಇಎಲ್. ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ 20 ದಿನದ ಕೆಲಸಕ್ಕೆ ಒಂದು ದಿನ ಸಿಗುತ್ತದೆ. ಗರ್ಭಿಣಿಯಾಗಿರುವಾಗಲೇ ಅದನ್ನು ಮುಗಿಸದೆ ಉಳಿಸಿಡಿ. ನಮ್ಮ ಉದಾಹರಣೆಯಲ್ಲಿ 18 ದಿನ ಉಳಿದಿದೆ ಅಂತ ಇಟ್ಟುಕೊಳ್ಳೋಣ.

ಜನವರಿ 18 ಸೋಮವಾರ. 20ಕ್ಕೆ 3ಬಿ. ಆರು ತಿಂಗಳು ಬಿಟ್ಟು ಬಂದವರು ಕೊನೆ ದಿನದ ಗಲಾಟೆಯ ನಡುವೆ ಕಾಲಿಡಬಾರದು. ಸೋಮ, ಮಂಗಳ, ಬುಧ ಮೂರು ದಿನ ಇಎಲ್ ಹಾಕಿ 21ರ ಗುರುವಾರ ಬನ್ನಿ. ಗುರು, ಶುಕ್ರ ಪೂರ್ತಿ ದಿನ, ಶನಿವಾರ ಅರ್ಧ ದಿನ, ಆಮೇಲೆ ಭಾನುವಾರ. ಮುಂದಿನ ವಾರ ಮಂಗಳವಾರ 26ಕ್ಕೆ ಹೇಗೂ ರಜೆ, 27ರ ಬುಧವಾರಕ್ಕೊಂದು ಇಎಲ್. ಫೆಬ್ರವರಿಯ ನಾಲ್ಕು ಬುಧವಾರಕ್ಕೆ ನಾಲ್ಕು. ಒಟ್ಟು ಎಂಟು ದಿನದಲ್ಲಿ ಆರು ವಾರ ದಾಟಿತು, ಸಂಬಳವೂ ಕಡಿತವಾಗಲಿಲ್ಲ. ಬುಧವಾರವೇ ಯಾಕೆಂದರೆ ಎರಡು ದಿನಕ್ಕಿಂತ ಜಾಸ್ತಿ ಒಟ್ಟಿಗೆ ಮಗುವನ್ನು ಬಿಟ್ಟಿರಬೇಕಾಗುವುದು ವಾರದ ಕೊನೆಗೆ ಮಾತ್ರ. ಆಗಲೂ ಶನಿವಾರ ಅರ್ಧ ದಿನವೇ.

ಕೆಲಸವನ್ನೂ ಹೀಗೆಯೇ ಮೆಲ್ಲ ವಾಪಸ್ ತೆಗೆದುಕೊಳ್ಳಿ. ಜನವರಿಯಲ್ಲಿ ಡಿಸೆಂಬರ್ ಕೊನೆಯ ಟಿಡಿಎಸ್ ರಿಟರ್ನ್ ಹುಡುಗನೇ ಮುಗಿಸಲಿ, ಅದು ಅವನು ಮಾಡಿದ ಲೆಕ್ಕ. ನೀವು ಆ ದಿನಗಳಲ್ಲಿ ಆರು ತಿಂಗಳ ಬ್ಯಾಂಕ್ ಹೊಂದಾಣಿಕೆ ಓದಿ ನೋಡಿ, ಡಬ್ಬದಲ್ಲಿಟ್ಟ ಕಾಗದ ಬಿಡಿಸಿ. ಏನೇನು ಬದಲಾಗಿದೆ ಅನ್ನುವುದು ಅದರಲ್ಲೇ ಸಿಗುತ್ತದೆ. ಫೆಬ್ರವರಿಯ ರಿಟರ್ನ್‌ಗಳನ್ನು ಇಬ್ಬರೂ ಸೇರಿ ಮಾಡಿ. ಮಾರ್ಚ್‌ನಿಂದ ನೀವು. ಅವನು ಏನಾದರೂ ಹೊಸ ರೀತಿ ಮಾಡಿದ್ದರೆ ಬಂದ ವಾರವೇ "ಹೀಗಲ್ಲ, ಹಾಗೆ" ಅಂತ ತಿದ್ದಬೇಡಿ. ಒಂದು ತಿಂಗಳು ನೋಡಿ. ಅವನ ರೀತಿಯೇ ಒಳ್ಳೆಯದಿರಬಹುದು.

ಹಾಲು, ಬಸ್ಸು, ಬಾಗಿಲ ಚಿಲಕ

ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಹಾಲುಣಿಸಲು ಅಂತಲೇ ಇವೆ, ಊಟದ ಬಿಡುವನ್ನು ಬಿಟ್ಟು. 50 ಜನ ಇರುವ ಕಡೆ ಶಿಶುಪಾಲನಾ ಕೇಂದ್ರವೂ ಇರಬೇಕು. ಮೂವತ್ತು ಜನರ ಕಂಪನಿಗೆ ಅದಿಲ್ಲ. ಬಂದರಿನಿಂದ ಸುರತ್ಕಲ್‌ಗೆ ಹೋಗಿ ಹಾಲುಣಿಸಿ ಬರಲು ಆಗುತ್ತದಾ? ಇಲ್ಲ. ಹಾಗಾಗಿ ಆ ಬಿಡುವಿನಲ್ಲಿ ಹಾಲು ತೆಗೆದಿಡಬೇಕು. ಅದಕ್ಕೆ ಒಳಗಿನಿಂದ ಚಿಲಕ ಇರುವ ಕೋಣೆ, ಕುರ್ಚಿ, ಒಂದು ಪ್ಲಗ್ ಪಾಯಿಂಟ್ ಬೇಕು. ಹಳೆ ಗೋದಾಮು ಕಟ್ಟಡಗಳಲ್ಲಿ ಇದೇ ಇರುವುದಿಲ್ಲ. ಸ್ಯಾಂಪಲ್ ಇಡುವ ಕೋಣೆಯೋ, ಧಣಿಗಳ ಕ್ಯಾಬಿನ್ನೋ, ಬೆಳಿಗ್ಗೆ ಹನ್ನೊಂದಕ್ಕೆ ಮತ್ತು ಮೂರೂವರೆಗೆ ನಿಮಗೆ ಅಂತ ಡಿಸೆಂಬರಿನಲ್ಲೇ ಮಾತಾಡಿ, ಚಿಲಕ ಹಾಕಿಸಿ. ಟಾಯ್ಲೆಟ್ಟಿನಲ್ಲಿ ಮಾಡಿಕೊಳ್ಳಿ ಅಂದರೆ ಒಪ್ಪಬೇಡಿ.

ತೆಗೆದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತದೆ. ನಮ್ಮೂರಿನ ಜನವರಿ ಮಧ್ಯಾಹ್ನ ಅದಕ್ಕಿಂತ ಜಾಸ್ತಿಯೇ ಬಿಸಿ, ಹೊರಗಿಡುವುದು ಬೇಡ. ಐಸ್ ಪ್ಯಾಕ್ ಇರುವ ಚೀಲದಲ್ಲಿ ಒಂದು ದಿನ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇಡಬಹುದು. ಸಂಜೆ ಕೂಳೂರು ಸೇತುವೆ ಹತ್ತಿರ ಬ್ಲಾಕ್ ಆಗುವುದನ್ನೂ ಲೆಕ್ಕಕ್ಕೆ ಹಿಡಿದು ಐಸ್ ಪ್ಯಾಕ್ ಎರಡು ಇಟ್ಟುಕೊಳ್ಳಿ.

ಮಗುವನ್ನು ನೋಡಿಕೊಳ್ಳಲು ಕಾರ್ಕಳದಿಂದ ಅಮ್ಮ ಬರುವುದಾದರೆ ಜನವರಿ 18ಕ್ಕೆ ಬಂದರೆ ಸಾಲದು. ಎರಡು ವಾರ ಮೊದಲೇ ಬಂದು, ನೀವು ಎರಡು ಗಂಟೆ, ನಾಲ್ಕು ಗಂಟೆ ಹೊರಗೆ ಹೋಗಿ ನೋಡಿ. ಬಟ್ಟಲಿನಿಂದಲೋ ಚಮಚದಿಂದಲೋ ಮಗು ಹಾಲು ಕುಡಿಯುತ್ತದಾ ಅನ್ನುವುದು ಆಗಲೇ ತಿಳಿಯುತ್ತದೆ. ಫೆಬ್ರವರಿ 10ಕ್ಕೆ ಆರು ತಿಂಗಳು ತುಂಬಿ ರಾಗಿ ಮಣ್ಣಿ ಶುರುವಾದರೆ ಹಗಲಿನ ಹಾಲಿನ ಲೆಕ್ಕ ಬದಲಾಗುತ್ತದೆ. ಮರುದಿನವೇ ಜಿಎಸ್‌ಟಿಆರ್-1 ಕೊನೆ ದಿನ. ಮಣ್ಣಿ ಶುರು ಮಾಡುವುದನ್ನು ಅದರ ನಂತರದ ಶನಿವಾರಕ್ಕೆ ಇಟ್ಟುಕೊಂಡರೆ, ಮೊದಲ ಚಮಚ ನಿಮ್ಮ ಕೈಯಿಂದಲೇ ಆಗುತ್ತದೆ, ಹೊಟ್ಟೆ ಕೆಟ್ಟರೆ ನೋಡಿಕೊಳ್ಳಲು ಭಾನುವಾರವೂ ಇರುತ್ತದೆ.

ಉಳಿದ ಹತ್ತು ಇಎಲ್‌ಗಳನ್ನು ಮುಟ್ಟಬೇಡಿ. ಚುಚ್ಚುಮದ್ದಿನ ದಿನಕ್ಕೆ, ಜ್ವರದ ದಿನಕ್ಕೆ, ಅಮ್ಮನಿಗೇ ಹುಷಾರಿಲ್ಲದ ದಿನಕ್ಕೆ ಅವು ಬೇಕು. ಹುಡುಗನ ಲಾಗಿನ್‌ಗಳನ್ನೂ ತೆಗೆಸಬೇಡಿ. ಅಂಥ ದಿನ 20ನೇ ತಾರೀಖಿಗೇ ಬಂದರೆ ಅವನು ಕೂತು ಮುಗಿಸುತ್ತಾನೆ.